‘ಸಕ್ಕರೆ ಇಲ್ಲದ ಕರದಂಟು’: ಜಾಹೀರಾತಿನ ಮಾತಿಗೆ ಕಂಪನಿಯಿಂದ ಪುರಾವೆ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಾಗಲಕೋಟೆ ಜಿಲ್ಲೆಯ ಅಮೀನಗಡ ಮತ್ತು ಬೆಳಗಾವಿ ಜಿಲ್ಲೆಯ ಗೋಕಾಕ ಎರಡೂ ಕರದಂಟಿಗೆ ಹೆಸರಾದ ಊರುಗಳು. ಕಳೆದ ವರ್ಷ ನಾನು ಬೆಳಗಾವಿಯಿಂದ ಊರಿಗೆ ಮರಳುವಾಗ ಬಸ್ ನಿಲ್ದಾಣದ ಹತ್ತಿರ ಒಂದು ಪಾಕೀಟು ಕರದಂಟು ಕೊಂಡೆ. ಅದರ ಮೇಲೆಯೂ ಅದೇ ಕಂಪನಿಯ ಮೊಬೈಲ್ ಜಾಹೀರಾತಿನಲ್ಲಿಯೂ ‘ಸಕ್ಕರೆ ಇಲ್ಲ, ಸಕ್ಕರೆ ಕಾಯಿಲೆಯವರಿಗೂ ಸುರಕ್ಷಿತ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಮನೆಯಲ್ಲಿ ಅತ್ತೆಯವರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಅಂಗಡಿಯವರು ‘ಅಕ್ಕಾರ, ಶುಗರ್ ಇದ್ದೋರೂ ತಿಂತಾರ್ರಿ, ಏನೂ ಆಗಂಗಿಲ್ಲ’ ಎಂದರು. ಆ ಜಾಹೀರಾತಿನ ಕೆಳಗೆ ನಾನು ಬರೆದ ಒಂದು ಕಮೆಂಟಿನಿಂದ ಶುರುವಾದ ಪತ್ರವ್ಯವಹಾರವನ್ನು ಕಂಡು ಬಂಧುಗಳೂ ಪರಿಚಯದವರೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ.

## ಮೊದಲು ತಿಳಿಯಬೇಕಾದದ್ದು

ಬೆಲ್ಲ ಹಾಕಿದ ಮ್ಯಾಲೆ ‘ಸಕ್ಕರಿ ಇಲ್ಲ’ ಅಂತ ಬರದ್ರ ತಪ್ಪೇನ್ರಿ?

ತಪ್ಪು. ನಮ್ಮ ಮನೆಮಾತಿನಲ್ಲಿ ಸಕ್ಕರೆ ಬೇರೆ, ಬೆಲ್ಲ ಬೇರೆ. ಕಿರಾಣಿ ಚೀಟಿಯಲ್ಲಿಯೂ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇವೆ. ಆಹಾರದ ಕಾನೂನು ಮಾತ್ರ ಆ ಪದವನ್ನು ಅಂಗಡಿಯ ಅರ್ಥದಲ್ಲಿ ನೋಡದೆ ರಸಾಯನಶಾಸ್ತ್ರದ ಅರ್ಥದಲ್ಲಿ ನೋಡುತ್ತದೆ. ಬಿಳಿ ಸಕ್ಕರೆಯಲ್ಲಿರುವ ಸುಕ್ರೋಸ್ ಬೆಲ್ಲದಲ್ಲಿಯೂ ಇದೆ, ಅದೂ ಸಿಂಹಪಾಲು. ಕಬ್ಬಿನ ಬೆಲ್ಲಕ್ಕೆ ಇರುವ ಆಹಾರ ಸುರಕ್ಷತಾ ಮಾನದಂಡವೇ, ತೇವಾಂಶ ಕಳೆದು ಲೆಕ್ಕ ಹಾಕಿದಾಗ ಬೆಲ್ಲದಲ್ಲಿ ಒಟ್ಟು ಸಕ್ಕರೆ ಶೇ. 90ಕ್ಕಿಂತ ಕಡಿಮೆ ಇರಬಾರದು, ಸುಕ್ರೋಸ್ ಶೇ. 60ಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ. ಅಂದರೆ ಸಕ್ಕರೆ ಇಲ್ಲದ ಬೆಲ್ಲವನ್ನು ಯಾರಾದರೂ ಮಾಡಿದರೂ ಅದನ್ನು ಬೆಲ್ಲ ಎಂದು ಮಾರುವಂತಿಲ್ಲ.

ಇನ್ನು ‘ಸಕ್ಕರೆ ಇಲ್ಲ’ ಎಂಬ ಮಾತಿಗೆ 2018ರ ಆಹಾರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಲ್ಲಿ ಅಳತೆ ಕೊಟ್ಟಿದೆ: 100 ಗ್ರಾಂ ತಿನಿಸಿನಲ್ಲಿ ಸಕ್ಕರೆಯ ಅಂಶ 0.5 ಗ್ರಾಂಗಿಂತ ಹೆಚ್ಚಿರಬಾರದು. ‘ಸಕ್ಕರೆ ಸೇರಿಸಿಲ್ಲ’ ಎಂಬುದು ಬೇರೆ ಹೇಳಿಕೆ, ಅದರ ಷರತ್ತೂ ಬೇರೆ. ಅಲ್ಲಿ ಯಾವ ಬಗೆಯ ಸಕ್ಕರೆಯನ್ನೂ ಸೇರಿಸಿರಬಾರದು, ಜೇನುತುಪ್ಪ ಮತ್ತು ಕಾಕಂಬಿ ಕೂಡ ಆ ‘ಯಾವ ಬಗೆಯ’ ಒಳಗೇ ಬರುತ್ತವೆ. ‘ಬಿಳಿ ಸಕ್ಕರೆ ಬಳಸಿಲ್ಲ, ಬೆಲ್ಲದಿಂದ ಮಾಡಿದ್ದು’ ಎಂದಷ್ಟೇ ಬರೆದಿದ್ದರೆ ಅದು ನಿಜವಾದ ಮಾತಾಗುತ್ತಿತ್ತು, ನಾನು ಕಮೆಂಟ್ ಬರೆಯುವ ಪ್ರಸಂಗವೂ ಬರುತ್ತಿರಲಿಲ್ಲ.

ಜಾಹೀರಾತಿನಲ್ಲಿ ಎಲ್ಲಾ ಉತ್ಪ್ರೇಕ್ಷೆನೇ ಇರ್ತದ. ಎಲ್ಲದಕ್ಕೂ ಪುರಾವೆ ಕೇಳೋದಾ?

ಎಲ್ಲದಕ್ಕೂ ಕೇಳಿದರೆ ಕೇಳಬೇಕಾದ ಒಂದು ಪ್ರಶ್ನೆ ಕಳೆದುಹೋಗುತ್ತದೆ. ‘ಅಜ್ಜಿಯ ಕೈರುಚಿ’, ‘ಒಮ್ಮೆ ತಿಂದರೆ ಬಿಡಲಾರಿರಿ’ ಎಂಬವು ಹೊಗಳಿಕೆಯ ಮಾತುಗಳು. ಅವನ್ನು ಅಳೆಯಲು ಯಾವ ತಕ್ಕಡಿಯೂ ಇಲ್ಲ, ಓದುಗರು ಅವನ್ನು ಅಕ್ಷರಶಃ ನಂಬುವುದೂ ಇಲ್ಲ. ಅಳೆದು ನೋಡಬಹುದಾದ, ಅಳೆದಾಗ ನಿಜವೋ ಸುಳ್ಳೋ ಎಂದು ಹೇಳಬಹುದಾದ ಮಾತಿಗೆ ಮಾತ್ರ ಪುರಾವೆ ಕೇಳಬೇಕು.

ನನ್ನ ಪಾಕೀಟಿನ ಮೇಲೆ ಐದು ಮಾತುಗಳಿದ್ದವು. ಅವುಗಳಲ್ಲಿ ‘ಸಕ್ಕರೆ ಇಲ್ಲ’ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ‘ಸಕ್ಕರೆ ಕಾಯಿಲೆಯವರಿಗೂ ಸುರಕ್ಷಿತ’ ಎಂಬುದನ್ನು ಮನುಷ್ಯರ ಮೇಲಿನ ಅಧ್ಯಯನದಿಂದ ಮಾತ್ರ ತೋರಿಸಲು ಸಾಧ್ಯ. ಉಳಿದ ಮೂರನ್ನು ನಾನು ಮುಟ್ಟಲೇ ಇಲ್ಲ. ‘ಶುದ್ಧ ತುಪ್ಪ’ ಎಂಬ ಮಾತನ್ನೂ ಕೇಳು ಎಂದು ಮನೆಯವರು ಒತ್ತಾಯಿಸಿದರು. ಅದೂ ಕೇಳಬಹುದಾದ ಮಾತೇ, ಆದರೆ ಅದರಿಂದ ನಮಗೆ ಆಗಬಹುದಾದ ಹಾನಿ ಚಿಕ್ಕದು, ಸಕ್ಕರೆಯ ಮಾತಿನಿಂದ ಆಗಬಹುದಾದದ್ದು ದೊಡ್ಡದು.

ನಾನು ಬರೀ ಒಂದು ಪಾಕೀಟು ಕೊಂಡ ಗಿರಾಕಿ. ಪುರಾವೆ ಕೇಳೋ ಹಕ್ಕು ನನಗೈತೇನು?

ಕೇಳುವ ಹಕ್ಕು ಖಂಡಿತ ಇದೆ. ವಸ್ತುವಿನ ಗುಣ, ಪ್ರಮಾಣ, ಶುದ್ಧತೆಯ ಬಗ್ಗೆ ತಿಳಿಯುವ ಹಕ್ಕನ್ನು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯು ಗ್ರಾಹಕರ ಹಕ್ಕುಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಇದಕ್ಕಿಂತ ಮುಖ್ಯವಾದದ್ದು ಪುರಾವೆಯ ಹೊಣೆ ಯಾರದು ಎಂಬ ಪ್ರಶ್ನೆ. ತಕ್ಕ ವೈಜ್ಞಾನಿಕ ಆಧಾರವಿಲ್ಲದೆ ಆಹಾರದ ಪರಿಣಾಮದ ಬಗ್ಗೆ ಜನರಿಗೆ ಭರವಸೆ ಕೊಡುವುದನ್ನು 2006ರ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಕಾಯ್ದೆಯ 24ನೇ ಕಲಂ ನಿಷೇಧಿಸುತ್ತದೆ. ಆಧಾರವಿದೆ ಎಂದು ಯಾರು ವಾದಿಸುತ್ತಾರೋ ಅದನ್ನು ತೋರಿಸುವ ಹೊಣೆಯೂ ಅವರದೇ ಎಂದು ಅದೇ ಕಲಂ ಹೇಳುತ್ತದೆ. ಆದ್ದರಿಂದ ‘ಸುಳ್ಳು ಅಂತ ನೀವೇ ಸಾಬೀತು ಮಾಡಿ’ ಎಂದು ಕಂಪನಿ ಹೇಳಿದರೆ ಅದು ಕಾನೂನನ್ನು ತಲೆಕೆಳಗು ಮಾಡಿದ ಮಾತು.

ಆದರೆ ಒಂದು ಮಿತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ದಾರಿತಪ್ಪಿಸುವ ಜಾಹೀರಾತು ತಡೆಯಲು 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳ ಪ್ರಕಾರ, ಅಳೆಯಬಹುದಾದ ಪ್ರತಿಯೊಂದು ಹೇಳಿಕೆಗೂ ಕಂಪನಿಯ ಬಳಿ ಆಧಾರ ಇರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೇಳಿದಾಗ ಅದನ್ನು ತೋರಿಸಬೇಕು. ಗಿರಾಕಿಯೊಬ್ಬರು ಕಮೆಂಟಿನಲ್ಲಿ ಕೇಳಿದ ಕೂಡಲೇ ಕಡತ ಬಿಚ್ಚಿ ತೋರಿಸಬೇಕು ಎಂಬ ಒತ್ತಾಯ ಅಲ್ಲಿಲ್ಲ. ಹಾಗಾಗಿ ನಿಮ್ಮ ಕಮೆಂಟನ್ನು ಆಜ್ಞೆಯಂತೆ ಬರೆಯಬೇಡಿ. ಅವರು ಉತ್ತರಿಸಿದರೆ ಮಾಹಿತಿ ಸಿಗುತ್ತದೆ. ಉತ್ತರಿಸದಿದ್ದರೆ, ಕೇಳಿದ್ದೆವು ಎಂಬುದಕ್ಕೆ ದಿನಾಂಕ ಸಹಿತ ದಾಖಲೆ ಉಳಿಯುತ್ತದೆ.

## ಬರೆಯುವ ಮುನ್ನ

ಕಮೆಂಟ್ ಹಾಕುವ ಮೊದಲು ಕೈಯಲ್ಲಿ ಏನೇನು ಇರಬೇಕು?

ಮೊದಲಿಗೆ ಜಾಹೀರಾತಿನ ಚಿತ್ರ, ಅದೂ ಪೂರ್ತಿಯಾಗಿ. ದೊಡ್ಡ ಅಕ್ಷರದ ಮಾತನ್ನು ಮಾತ್ರ ಹಿಡಿದು ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯನ್ನು ಕತ್ತರಿಸಿದ ಸ್ಕ್ರೀನ್‌ಶಾಟ್ ಮುಂದೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಪುಟದ ಹೆಸರು, ದಿನಾಂಕ, ಸಮಯ ಅದರಲ್ಲಿ ಕಾಣಬೇಕು. ವಿಡಿಯೊ ಆಗಿದ್ದರೆ ಪರದೆಯನ್ನು ರೆಕಾರ್ಡ್ ಮಾಡಿಕೊಳ್ಳಿ. ಒಂದೇ ದಿನದಲ್ಲಿ ಮಾಯವಾಗುವ ‘ಸ್ಟೋರಿ’ ಜಾಹೀರಾತುಗಳಿಗಂತೂ ಇದು ತಪ್ಪದೆ ಬೇಕು.

ಎರಡನೆಯದು ಪಾಕೀಟು. ತಿಂದು ಮುಗಿಸಿದ ಮೇಲೆ ಅದನ್ನು ಎಸೆಯುವುದು ನಮ್ಮೆಲ್ಲರ ಅಭ್ಯಾಸ. ಹಿಂಬದಿಯ ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಕೋಷ್ಟಕ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆದು, ಪಾಕೀಟನ್ನೂ ಇಟ್ಟುಕೊಳ್ಳಿ. ಆ ಸಂಖ್ಯೆಯನ್ನು foscos.fssai.gov.in ತಾಣದಲ್ಲಿ ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ನನ್ನ ಪಾಕೀಟಿನಲ್ಲಿ ಮಾರುವ ಕಂಪನಿ ಒಂದು, ತಯಾರಿಸಿದವರು ಇನ್ನೊಬ್ಬರು ಇದ್ದರು. ಇದು ತಿಳಿದಿದ್ದರಿಂದ ‘ಅದು ನಮ್ಮದಲ್ಲ, ತಯಾರಕರನ್ನು ಕೇಳಿ’ ಎಂಬ ಉತ್ತರಕ್ಕೆ ನಾನು ಮೊದಲೇ ಸಿದ್ಧಳಾಗಿದ್ದೆ.

ಮೂರನೆಯದು ಬಿಲ್ಲು. ಬಸ್ ನಿಲ್ದಾಣದ ಅಂಗಡಿಯಲ್ಲಿ ಕೇಳಿದರೆ ಹೆಚ್ಚಾಗಿ ಕೊಡುತ್ತಾರೆ, ಕೇಳದಿದ್ದರೆ ಕೊಡುವುದಿಲ್ಲ. ಬಿಲ್ಲು ಇಲ್ಲದಿದ್ದರೆ ಯುಪಿಐ ಸಂದಾಯದ ದಾಖಲೆಯಾದರೂ ಇರಲಿ.

ಪಾಕೀಟಿನ ಹಿಂದಿನ ಕೋಷ್ಟಕ ನನಗೆ ಅರ್ಥವಾಗುವುದಿಲ್ಲ. ಅದನ್ನು ಓದುವುದು ಹೇಗೆ?

ನನ್ನ ಪಾಕೀಟನ್ನೇ ಮುಂದಿಟ್ಟುಕೊಂಡು ನೋಡೋಣ. ಪದಾರ್ಥಗಳ ಪಟ್ಟಿಯಲ್ಲಿ ಬೆಲ್ಲ (ಶೇ. 34), ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಅಂಟು, ತುಪ್ಪ, ಗಸಗಸೆ ಎಂದು ಬರೆದಿತ್ತು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು ಎಂಬುದು ನಿಯಮ, ಆದ್ದರಿಂದ ಮೊದಲ ಹೆಸರೇ ಅತಿ ಹೆಚ್ಚು ಇರುವ ಪದಾರ್ಥ. ಪಾಕೀಟಿನ ಮುಂಬದಿಯಲ್ಲಿ ಯಾವುದಾದರೂ ಪದಾರ್ಥವನ್ನು ಎತ್ತಿ ತೋರಿಸಿದ್ದರೆ ಅದು ನೂರಕ್ಕೆ ಎಷ್ಟು ಎಂದೂ ಹೇಳಬೇಕು. ಇವರು ಮುಂದೆ ಬೆಲ್ಲದ ಪೆಂಟೆಯ ಚಿತ್ರ ಹಾಕಿದ್ದರು, ಆ ಕಾರಣಕ್ಕೆ ಹಿಂದೆ 34 ಎಂಬ ಅಂಕಿ ಬಂದಿತ್ತು.

ಕೋಷ್ಟಕದಲ್ಲಿ 100 ಗ್ರಾಂಗೆ ಒಟ್ಟು ಸಕ್ಕರೆ 38 ಗ್ರಾಂ, ಸೇರಿಸಿದ ಸಕ್ಕರೆ 0 ಎಂದು ಬರೆದಿತ್ತು. ಈ ಎರಡು ಸಾಲುಗಳನ್ನು ಒಟ್ಟಿಗೆ ಓದಬೇಕು. ಒಟ್ಟು ಸಕ್ಕರೆ ಎಂದರೆ ಎಲ್ಲ ಮೂಲಗಳಿಂದ ಬಂದದ್ದು. ಸೇರಿಸಿದ ಸಕ್ಕರೆ ಎಂದರೆ ತಯಾರಿಸುವಾಗ ಸಿಹಿಗಾಗಿ ಹಾಕಿದ್ದು. ಈಗ ಲೆಕ್ಕ. 100 ಗ್ರಾಂ ಕರದಂಟಿನಲ್ಲಿ 34 ಗ್ರಾಂ ಬೆಲ್ಲ ಇದೆ. ಅದರಲ್ಲಿ ನೂರಕ್ಕೆ ಏಳರಷ್ಟು ನೀರು ಎಂದು ಹಿಡಿದರೂ ಸುಮಾರು 31.6 ಗ್ರಾಂ ಒಣ ಅಂಶ ಉಳಿಯುತ್ತದೆ, ಮಾನದಂಡದ ಕನಿಷ್ಠ ಶೇ. 90ರ ಪ್ರಕಾರ ಅದರಲ್ಲಿ 28 ಗ್ರಾಂ ಸಕ್ಕರೆ ಇರಲೇಬೇಕು. ಉಳಿದ 10 ಗ್ರಾಂ ಬಹುಪಾಲು ಉತ್ತತ್ತಿಯಿಂದ ಬಂದದ್ದು. ಹೀಗಿರುವಾಗ ‘ಸೇರಿಸಿದ ಸಕ್ಕರೆ’ಯ ಸಾಲಿನಲ್ಲಿ ಸೊನ್ನೆ ಹೇಗೆ ಬಂತು? ಬೆಲ್ಲವನ್ನು ಅವರು ಸಕ್ಕರೆ ಎಂದು ಎಣಿಸಿರಲಿಲ್ಲ, ಅಷ್ಟೇ.

25 ಗ್ರಾಂನ ಒಂದು ತುಂಡಿಗೆ ಇದನ್ನು ಇಳಿಸಿದರೆ ಒಟ್ಟು ಸಕ್ಕರೆ 9.5 ಗ್ರಾಂ, ಅಂದರೆ ಚಹದ ಚಮಚೆಯಲ್ಲಿ ಎರಡು ಚಮಚೆ. ನಮ್ಮ ಅತ್ತೆಯವರು ವರ್ಷಗಳಿಂದ ಸಪ್ಪೆ ಚಹ ಕುಡಿಯುತ್ತಾರೆ. ಆ ದಿನ ‘ಸಕ್ಕರಿ ಇಲ್ಲಲ್ಲ’ ಎಂದು ನಿಶ್ಚಿಂತೆಯಿಂದ ಮೂರು ತುಂಡು ತಿಂದಿದ್ದರು. ‘ಸಕ್ಕರೆ ಇಲ್ಲ’ ಎನ್ನಲು 100 ಗ್ರಾಂಗೆ 0.5 ಗ್ರಾಂ ಮಿತಿ, ಇಲ್ಲಿದ್ದದ್ದು 38. ಯಾವ ಪ್ರಯೋಗಾಲಯವೂ ಬೇಡ, ಕಂಪನಿಯ ಪಾಕೀಟೇ ಕಂಪನಿಯ ಜಾಹೀರಾತನ್ನು ಅಲ್ಲಗಳೆಯುತ್ತಿತ್ತು.

## ಕಮೆಂಟ್ ಬರೆಯುವುದು

ಕಮೆಂಟ್ ಹೆಂಗ ಬರೀಬೇಕು? ಒಂದು ಮಾದರಿ ಕೊಡ್ರಿ.

ಮೊದಲು ನಾನು ಬರೆದು ಅಳಿಸಿದ್ದನ್ನು ಹೇಳುತ್ತೇನೆ: ‘ನಿಮ್ಮದು ಶುದ್ಧ ಮೋಸ. ಜನರ ಜೀವದ ಜೊತೆ ಆಟ ಆಡುತ್ತಿದ್ದೀರಿ. ನಾಚಿಕೆಯಾಗಬೇಕು.’ ಬರೆದಾಗ ಮನಸ್ಸು ಹಗುರಾಯಿತು. ಆದರೆ ಇದರಲ್ಲಿ ಪ್ರಶ್ನೆಯೇ ಇಲ್ಲ. ಇದಕ್ಕೆ ಕಂಪನಿ ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಆಮೇಲೆ ಹಾಕಿದ್ದು ಇದು:

> ಮಾನ್ಯರೆ, ಈ ಜಾಹೀರಾತಿನಲ್ಲಿ ನಿಮ್ಮ ಕರದಂಟಿನಲ್ಲಿ ‘ಸಕ್ಕರೆ ಇಲ್ಲ’ ಎಂದೂ ಅದು ‘ಸಕ್ಕರೆ ಕಾಯಿಲೆಯವರಿಗೂ ಸುರಕ್ಷಿತ’ ಎಂದೂ ಬರೆದಿದ್ದೀರಿ. ನಾನು ಬೆಳಗಾವಿಯಲ್ಲಿ ಕೊಂಡ 250 ಗ್ರಾಂ ಪಾಕೀಟಿನ ಹಿಂಬದಿಯಲ್ಲಿ 100 ಗ್ರಾಂಗೆ ಒಟ್ಟು ಸಕ್ಕರೆ 38 ಗ್ರಾಂ ಎಂದು ಮುದ್ರಿಸಿದೆ. ಪದಾರ್ಥಗಳ ಪಟ್ಟಿಯಲ್ಲಿ ಬೆಲ್ಲ ಶೇ. 34 ಇದೆ. 2018ರ ನಿಯಮಗಳ ಪ್ರಕಾರ ‘ಸಕ್ಕರೆ ಇಲ್ಲ’ ಎನ್ನಲು 100 ಗ್ರಾಂಗೆ 0.5 ಗ್ರಾಂ ಮಿತಿ ಇದೆ ಎಂದು ನಾನು ತಿಳಿದಿದ್ದೇನೆ. ದಯವಿಟ್ಟು ಎರಡು ವಿಷಯ ತಿಳಿಸಿ: 1) ‘ಸಕ್ಕರೆ ಇಲ್ಲ’ ಎಂಬ ಮಾತಿಗೆ ಆಧಾರವಾದ ಪರೀಕ್ಷಾ ವರದಿ ಯಾವುದು? 2) ಸಕ್ಕರೆ ಕಾಯಿಲೆಯವರಿಗೆ ಸುರಕ್ಷಿತ ಎಂಬುದನ್ನು ಈ ತಿನಿಸಿನ ಮೇಲೆಯೇ ನಡೆಸಿದ ಯಾವ ಅಧ್ಯಯನದಿಂದ ಹೇಳುತ್ತಿದ್ದೀರಿ? ಪಾಕೀಟಿನ ಎರಡೂ ಬದಿಯ ಚಿತ್ರ ನನ್ನ ಬಳಿ ಇದೆ, ಬೇಕಾದರೆ ಕಳಿಸುತ್ತೇನೆ. ನನ್ನ ತಿಳಿವಳಿಕೆ ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ. 15 ದಿನಗಳೊಳಗೆ ಉತ್ತರ ಕೋರುತ್ತೇನೆ.

ಇದರಲ್ಲಿ ಅವರ ಮಾತು ಅವರದೇ ಪದಗಳಲ್ಲಿ ಇದೆ, ಅದರ ಪಕ್ಕದಲ್ಲಿ ಅವರೇ ಮುದ್ರಿಸಿದ ಅಂಕಿ ಇದೆ. ನನ್ನ ಅಭಿಪ್ರಾಯ ಎಂಬುದು ಬಹುತೇಕ ಇಲ್ಲ. ಪ್ರಶ್ನೆಗಳನ್ನು ‘ಹೌದು’ ಅಥವಾ ‘ಇಲ್ಲ’ ಎಂದು ತೇಲಿಸಲಾಗದಂತೆ ‘ಯಾವ ವರದಿ, ಯಾವ ಅಧ್ಯಯನ’ ಎಂದು ಕೇಳಿದ್ದೇನೆ. 15 ದಿನ ಎಂಬುದು ಕಾನೂನಿನ ಗಡುವಲ್ಲ, ನಾನೇ ಇಟ್ಟುಕೊಂಡದ್ದು. ಗಡುವು ಇಲ್ಲದ ಪ್ರಶ್ನೆಗೆ ‘ಪರಿಶೀಲಿಸುತ್ತಿದ್ದೇವೆ’ ಎಂಬ ಉತ್ತರ ವರ್ಷಗಟ್ಟಲೆ ಸಾಕಾಗುತ್ತದೆ.

ಸುಳ್ಳು ಹೇಳಿದವರಿಗೆ ‘ಮಾನ್ಯರೆ’ ಅಂತ ಯಾಕೆ ಬರೆಯಬೇಕು? ಮೋಸ ಅಂದರೆ ಮೋಸ ಅಂತ ಬರೆಯಬಾರದೆ?

ಜಾಹೀರಾತು ತಪ್ಪು ಎಂಬುದು ಪಾಕೀಟಿನಿಂದ ತಿಳಿಯುತ್ತದೆ. ಬೇಕೆಂದೇ ಮಾಡಿದ್ದಾರೆ ಎಂಬುದು ಪಾಕೀಟಿನಿಂದ ತಿಳಿಯುವುದಿಲ್ಲ. ‘ಮೋಸ’ ಎಂಬ ಪದ ಅವರ ಮನಸ್ಸಿನೊಳಗಿನ ಉದ್ದೇಶದ ಬಗ್ಗೆ ಹೇಳುತ್ತದೆ, ಅದನ್ನು ಸಾಬೀತು ಮಾಡುವ ಹೊಣೆ ಆಗ ನಿಮ್ಮ ಮೇಲೆ ಬೀಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಮಾನಹಾನಿ ಈಗಲೂ ಅಪರಾಧ. ಕಂಪನಿಗಳ ಪರವಾಗಿ ವಕೀಲರ ನೋಟಿಸು ಬರುವುದು ಸಾಮಾನ್ಯವಾಗಿ ಇಂಥ ಒಂದು ಪದವನ್ನು ಹಿಡಿದೇ. ‘ಜಾಹೀರಾತಿನಲ್ಲಿ ಹೀಗಿದೆ, ಪಾಕೀಟಿನಲ್ಲಿ ಹೀಗಿದೆ, ಎರಡಕ್ಕೂ ಹೊಂದಾಣಿಕೆ ಹೇಗೆ?’ ಎಂಬ ಮಾತಿನಲ್ಲಿ ಹಿಡಿಯಲು ಅಂಥದ್ದು ಏನೂ ಇಲ್ಲ.

ಇನ್ನೊಂದು ಕಾರಣವೂ ಇದೆ. ಆ ಪುಟ ನೋಡಿಕೊಳ್ಳುವವರು ಹೆಚ್ಚಾಗಿ ಸಂಬಳಕ್ಕೆ ದುಡಿಯುವ ಹುಡುಗ ಹುಡುಗಿಯರು. ಬೈಗುಳವನ್ನು ಅವರು ಅಳಿಸುತ್ತಾರೆ. ಅಂಕಿಗಳಿರುವ, ಮರ್ಯಾದೆಯ ಪ್ರಶ್ನೆಯನ್ನು ಮೇಲಿನವರಿಗೆ ಕಳಿಸದೆ ಅವರಿಗೆ ಬೇರೆ ದಾರಿ ಇರುವುದಿಲ್ಲ.

ಕನ್ನಡದಲ್ಲಿ ಬರೆದರೆ ಉತ್ತರ ಕೊಡ್ತಾರೇನು?

ಜಾಹೀರಾತು ಕನ್ನಡದಲ್ಲಿದ್ದರೆ ಪ್ರಶ್ನೆಯೂ ಕನ್ನಡದಲ್ಲಿಯೇ ಇರಲಿ. 2022ರ ಮಾರ್ಗಸೂಚಿಗಳು, ಜಾಹೀರಾತಿನ ಷರತ್ತಿನ ಟಿಪ್ಪಣಿಯೂ ಹೇಳಿಕೆ ಇರುವ ಭಾಷೆಯಲ್ಲಿಯೇ ಇರಬೇಕು ಎನ್ನುತ್ತವೆ. ನನ್ನ ಪಾಕೀಟಿನಲ್ಲಿ ದೊಡ್ಡ ಮಾತು ಕನ್ನಡದಲ್ಲಿ, ‘ಸಂಸ್ಕರಿಸಿದ ಸಕ್ಕರೆ ಮಾತ್ರ ಇಲ್ಲ’ ಎಂಬ ಟಿಪ್ಪಣಿ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇತ್ತು. ಭಾಷೆ ಹೊಂದಿದ್ದರೂ ಅದು ಸಲ್ಲುತ್ತಿರಲಿಲ್ಲ, ಏಕೆಂದರೆ ಟಿಪ್ಪಣಿ ಮುಖ್ಯ ಮಾತನ್ನು ವಿವರಿಸಬಹುದೇ ಹೊರತು ಅದಕ್ಕೆ ವಿರುದ್ಧವಾದದ್ದನ್ನು ಹೇಳುವಂತಿಲ್ಲ.

## ಉತ್ತರ ಬಂದ ಮೇಲೆ

‘ದಯವಿಟ್ಟು ಡಿಎಂ ಮಾಡಿ’ ಎಂದು ಬರೆದಿದ್ದಾರೆ. ಒಳಗೆ ಹೋಗಿ ಮಾತಾಡಬೇಕೆ?

ಹೋಗಬಹುದು, ಆದರೆ ಹೊರಗಿನ ಬಾಗಿಲು ಮುಚ್ಚಬೇಡಿ. ಬ್ಯಾಚ್ ಸಂಖ್ಯೆ, ಬಿಲ್ಲು, ನಿಮ್ಮ ಫೋನ್ ನಂಬರು ಇವೆಲ್ಲ ಖಾಸಗಿ ಸಂದೇಶದಲ್ಲಿಯೇ ಇರಬೇಕು. ಪ್ರಶ್ನೆ ಮತ್ತು ಅದರ ಉತ್ತರ ಮಾತ್ರ ಎಲ್ಲರಿಗೂ ಕಾಣುವಲ್ಲಿ ಇರಲಿ, ಏಕೆಂದರೆ ಜಾಹೀರಾತು ಎಲ್ಲರಿಗೂ ಕಂಡಿದೆ. ನಾನು ಕಮೆಂಟಿನ ಕೆಳಗೆ ‘ಪಾಕೀಟಿನ ವಿವರಗಳನ್ನು ಖಾಸಗಿಯಾಗಿ ಕಳಿಸಿದ್ದೇನೆ. ಎರಡು ಪ್ರಶ್ನೆಗಳ ಉತ್ತರವನ್ನು ಇಲ್ಲಿಯೇ ಕೊಟ್ಟರೆ ಉಳಿದ ಗ್ರಾಹಕರಿಗೂ ಅನುಕೂಲ’ ಎಂದು ಬರೆದೆ.

ಒಳಗೆ ಹೋದಾಗ ಅವರು ಮೊದಲು ಹೇಳಿದ್ದು, ಹಣ ಮರಳಿಸುತ್ತೇವೆ, ಜೊತೆಗೆ ಒಂದು ಕಿಲೋ ಕರದಂಟು ಉಡುಗೊರೆ ಕಳಿಸುತ್ತೇವೆ ಎಂದು. ಹಣ ಪಡೆಯುವುದು ತಪ್ಪಲ್ಲ. ಆದರೆ ‘ಕಮೆಂಟ್ ತೆಗೆದರೆ’ ಎಂಬ ಷರತ್ತು ಅದರ ಜೊತೆಗೆ ಇತ್ತು. ನಾನು ಎರಡನ್ನೂ ನಯವಾಗಿ ಬೇಡವೆಂದೆ. ಸಕ್ಕರೆ ಕಾಯಿಲೆಯವರ ಮನೆಗೆ ಅದೇ ಕರದಂಟನ್ನು ಉಡುಗೊರೆ ಕಳಿಸಲು ಹೊರಟಿದ್ದರು ಎಂಬುದು ಆಮೇಲೆ ನೆನಪಾಗಿ ನಗು ಬಂತು.

ಅವರು ಲ್ಯಾಬ್ ರಿಪೋರ್ಟ್ ಕಳಿಸಿದರು. ಅದು ನಿಜವಾದ ಪುರಾವೆಯೇ ಎಂದು ತಿಳಿಯುವುದು ಹೇಗೆ?

ವರದಿ ಖೋಟಾ ಇರುವುದು ಅಪರೂಪ. ವರದಿ ನಿಜವಾಗಿದ್ದೂ ಪ್ರಶ್ನೆಗೆ ಉತ್ತರವಾಗದೆ ಇರುವುದೇ ಹೆಚ್ಚು. ನನಗೆ ಬಂದದ್ದೂ ಹಾಗೆಯೇ ಇತ್ತು.

ಮೊದಲು ಮಾದರಿಯ ಹೆಸರು ನೋಡಿ. ವರದಿಯಲ್ಲಿ ‘ಬೆಲ್ಲ’ ಎಂದಿತ್ತು, ‘ಕರದಂಟು’ ಎಂದಿರಲಿಲ್ಲ. ಅಂದರೆ ಅವರು ಪರೀಕ್ಷಿಸಿದ್ದು ಕಚ್ಚಾ ಪದಾರ್ಥವನ್ನು. ಆಮೇಲೆ ಏನನ್ನು ಪರೀಕ್ಷಿಸಿದ್ದಾರೆ ಎಂದು ನೋಡಿ. ಅದರಲ್ಲಿದ್ದದ್ದು ಗಂಧಕದ ಡೈಆಕ್ಸೈಡ್ ಮತ್ತು ಕೃತಕ ಬಣ್ಣದ ಪರೀಕ್ಷೆ. ಬೆಲ್ಲದ ಗಾಣಗಳಲ್ಲಿ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಪುಡಿ ಹಾಕುವುದುಂಟು, ಅದನ್ನು ಹಾಕಿದರೆ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಆ ಪರೀಕ್ಷೆಯಲ್ಲಿ ಅವರ ಬೆಲ್ಲ ಉತ್ತಮವಾಗಿಯೇ ಪಾಸಾಗಿತ್ತು, ಅದಕ್ಕೆ ಅವರನ್ನು ಅಭಿನಂದಿಸಿದೆ ಕೂಡ. ಆದರೆ ನಾನು ಕೇಳಿದ್ದು ಸಕ್ಕರೆಯ ಬಗ್ಗೆ. ‘ರಾಸಾಯನಿಕ ಇಲ್ಲ’ ಎಂಬುದರ ವರದಿಯನ್ನು ‘ಸಕ್ಕರೆ ಇಲ್ಲ’ ಎಂಬುದಕ್ಕೆ ತೋರಿಸಿದಂತಾಗಿತ್ತು.

ಮೂರನೆಯದಾಗಿ ದಿನಾಂಕ ಮತ್ತು ಕೊನೆಯ ಸಾಲು. ‘ಫಲಿತಾಂಶಗಳು ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯ, ಮಾದರಿಯನ್ನು ಗ್ರಾಹಕರೇ ಒದಗಿಸಿದ್ದು’ ಎಂಬ ಸಾಲು ಬಹುತೇಕ ಎಲ್ಲ ವರದಿಗಳಲ್ಲಿ ಇರುತ್ತದೆ. ಇಲ್ಲಿ ಗ್ರಾಹಕ ಎಂದರೆ ಕಂಪನಿ; ಪ್ರಯೋಗಾಲಯದವರು ಅಂಗಡಿಯಿಂದ ಪಾಕೀಟು ಎತ್ತಿಕೊಂಡು ಬಂದಿರುವುದಿಲ್ಲ. ಇದರಿಂದ ವರದಿ ಕೆಲಸಕ್ಕೆ ಬಾರದೆಂದಲ್ಲ, ಅದು ಎಷ್ಟಕ್ಕೆ ಸಾಕ್ಷಿ ಎಂಬುದು ತಿಳಿದಿರಬೇಕು. ಪ್ರಯೋಗಾಲಯಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಈ ಪ್ರಯೋಗಾಲಯಕ್ಕೆ ಇದೆಯೇ, ಆ ಮಾನ್ಯತೆ ಈ ನಿರ್ದಿಷ್ಟ ಪರೀಕ್ಷೆಗೆ ಇದೆಯೇ ಎಂಬುದನ್ನೂ ನೋಡಬೇಕು.

‘ಕಾಯಿಲೆಯವರಿಗೂ ಸುರಕ್ಷಿತ’ ಎಂಬುದಕ್ಕೆ ಕೆಲವರು ‘ಇದರ ಗ್ಲೈಸೆಮಿಕ್ ಸೂಚ್ಯಂಕ ಕಡಿಮೆ’ ಎನ್ನುತ್ತಾರೆ. ತಿನಿಸು ತಿಂದ ಮೇಲೆ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂಬುದನ್ನು ತೋರಿಸುವ ಆ ಸೂಚ್ಯಂಕ ಡಬ್ಬಿಯಲ್ಲಿ ಅಳೆಯುವ ಸಂಗತಿಯಲ್ಲ. ಅಂತರರಾಷ್ಟ್ರೀಯ ಪದ್ಧತಿಯ ಪ್ರಕಾರ ಕನಿಷ್ಠ ಹತ್ತು ಜನರಿಗೆ ಆ ತಿನಿಸನ್ನೇ ತಿನ್ನಿಸಿ, ಎರಡು ಗಂಟೆಯವರೆಗೆ ಮತ್ತೆ ಮತ್ತೆ ರಕ್ತದ ಸಕ್ಕರೆ ನೋಡಿ, ಗ್ಲೂಕೋಸ್ ಕುಡಿದಾಗಿನ ಏರಿಕೆಯೊಂದಿಗೆ ಹೋಲಿಸಬೇಕು. 55 ಅಥವಾ ಅದಕ್ಕಿಂತ ಕಡಿಮೆ ಬಂದರೆ ‘ಕಡಿಮೆ’. ಆದ್ದರಿಂದ ‘ಎಷ್ಟು ಜನರ ಮೇಲೆ, ಎಲ್ಲಿ, ಯಾವಾಗ ಅಳೆದಿರಿ?’ ಎಂದು ಕೇಳಿದರೆ ಸಾಕು. ನನಗೆ ಇದಕ್ಕೆ ಉತ್ತರ ಬರಲಿಲ್ಲ.

ನನ್ನ ಕಮೆಂಟನ್ನೇ ಅಳಿಸಿಬಿಟ್ಟರು. ಈಗೇನು ಮಾಡಲಿ?

ಹಾಕಿದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಚಿಂತೆಯಿಲ್ಲ. ಅದೇ ಮಾತುಗಳನ್ನು ಪಾಕೀಟಿನ ಮೇಲಿರುವ ಗ್ರಾಹಕ ಸೇವೆಯ ಇಮೇಲಿಗೆ ಕಳಿಸಿ, ಇಂಥ ದಿನ ಹಾಕಿದ ಕಮೆಂಟ್ ಈಗ ಕಾಣುತ್ತಿಲ್ಲ ಎಂದು ಒಂದು ಸಾಲು ಸೇರಿಸಿ. ಬೇರೆ ಬೇರೆ ಹೆಸರಿನಲ್ಲಿ ಹತ್ತು ಸಲ ಹಾಕುವುದು ಬೇಡ. ಹಾಗೆ ಮಾಡಿದರೆ ನೀವು ಗಿರಾಕಿಯಲ್ಲ, ಪ್ರತಿಸ್ಪರ್ಧಿ ಕಂಪನಿಯವರು ಎಂದು ಹೇಳಲು ಅವರಿಗೆ ಅನುಕೂಲವಾಗುತ್ತದೆ.

## ಮುಂದಿನ ಹಂತ

15 ದಿನ ಕಳೆದರೂ ಸರಿಯಾದ ಉತ್ತರ ಬರಲಿಲ್ಲ. ಯಾರ ಹತ್ತಿರ ಹೋಗಬೇಕು?

ನಿಮಗೆ ಏನು ಬೇಕು ಎಂಬುದರ ಮೇಲೆ ದಾರಿ ನಿಂತಿದೆ. ಕಂಪನಿಯಿಂದ ಉತ್ತರ ಅಥವಾ ಹಣ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಇಲ್ಲವೆ consumerhelpline.gov.in ತಾಣದಲ್ಲಿ ದೂರು ದಾಖಲಿಸಬಹುದು. ಅವರು ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ.

ಜಾಹೀರಾತೇ ನಿಲ್ಲಬೇಕು ಎಂದಾದರೆ ಗ್ರಾಹಕರ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗೆ ಅಥವಾ ಕೇಂದ್ರ ಪ್ರಾಧಿಕಾರಕ್ಕೆ ಲಿಖಿತವಾಗಿ ದೂರು ಕೊಡಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ದಿಲ್ಲಿಯವರೆಗೆ ಹೋಗಬೇಕಿಲ್ಲ ಎಂಬುದು ಇದರ ಅರ್ಥ. ಜಾಹೀರಾತು ನಿಲ್ಲಿಸಲು, ತಿದ್ದಲು ಹೇಳುವ ಮತ್ತು 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕೆ ಇದೆ. ನಮ್ಮ ಪ್ರಕರಣದಂತೆ ಪಾಕೀಟಿನ ಕೋಷ್ಟಕವೇ ತಪ್ಪಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ಬರೆಯಬೇಕು, ಏಕೆಂದರೆ ಅಂಗಡಿಯಿಂದ ಮಾದರಿ ಎತ್ತುವ ಅಧಿಕಾರ ಅವರದು. ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯೂ ದೂರು ಸ್ವೀಕರಿಸುತ್ತದೆ; ಅದು ಸರ್ಕಾರಿ ಸಂಸ್ಥೆಯಲ್ಲ.

ದೂರಿನೊಂದಿಗೆ ನಿಮ್ಮ ಕಮೆಂಟ್, ಅವರ ಉತ್ತರ, ಜಾಹೀರಾತು ಮತ್ತು ಪಾಕೀಟಿನ ಚಿತ್ರ ಇವು ನಾಲ್ಕೂ ಇರಲಿ. ಮರ್ಯಾದೆಯಿಂದ ಬರೆದ ಕಮೆಂಟ್ ಇಲ್ಲಿ ಯಾವ ತಿದ್ದುಪಡಿಯೂ ಇಲ್ಲದೆ ದೂರಿನ ಮೊದಲ ಪುಟವಾಗುತ್ತದೆ.

ನಾವೇ ಪಾಕೀಟನ್ನು ಪರೀಕ್ಷೆ ಮಾಡಿಸಬಹುದಾ?

ಮಾಡಿಸಬಹುದು. ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಯಾವುದೇ ಖರೀದಿದಾರ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ತಿನಿಸು ಮಾನದಂಡಕ್ಕೆ ಹೊಂದಿಲ್ಲವೆಂದು ಬಂದರೆ ಶುಲ್ಕ ಮರಳುತ್ತದೆ. ಒಂದೇ ತೊಡಕು ಎಂದರೆ ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಎಂದು ತಿಳಿಸಿರಬೇಕು. ಮನೆಯಲ್ಲಿ ಒಡೆದು ಅರ್ಧ ತಿಂದ ಪಾಕೀಟು ನಡೆಯುವುದಿಲ್ಲ. ನನ್ನ ಪ್ರಕರಣದಲ್ಲಿ ಇದರ ಅಗತ್ಯವೇ ಬೀಳಲಿಲ್ಲ, ಕಂಪನಿಯೇ 38 ಎಂದು ಮುದ್ರಿಸಿತ್ತಲ್ಲ.

ಪರಿಹಾರ ಕೇಳಿ ಕೇಸು ಹಾಕಬಹುದೇ?

ಹಾಕಬಹುದು. ಈಗ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಲು ಅವಕಾಶವಿದೆ, ಕಂಪನಿ ಎಲ್ಲಿಯದಾದರೂ ಸರಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. ಆದರೆ ಸಕ್ಕರೆ ಏರಿ ಆಸ್ಪತ್ರೆ ಖರ್ಚಾಯಿತು ಎಂದು ಪರಿಹಾರ ಕೇಳುವುದಾದರೆ, ಏರಿದ್ದು ಈ ತಿನಿಸಿನಿಂದಲೇ ಎಂಬುದನ್ನು ತೋರಿಸಬೇಕು. ಆ ದಿನ ಮನೆಯಲ್ಲಿ ಮತ್ತೇನು ತಿಂದಿದ್ದರು ಎಂಬ ಪ್ರಶ್ನೆ ಎದುರಾಗುತ್ತದೆ. ಅತ್ತೆಯವರಿಗೆ ಆ ದಿನ ಸಕ್ಕರೆ ಏರಿದ್ದು ನಿಜ. ಆದರೆ ಅದೇ ದಿನ ಮನೆಯಲ್ಲಿ ಹೋಳಿಗೆಯೂ ಇತ್ತು ಎಂಬುದನ್ನು ನಾನು ಮುಚ್ಚಿಡಲಾರೆ, ಆದ್ದರಿಂದ ಕೇಸು ಹಾಕಲಿಲ್ಲ.

ನಮ್ಮೂರ ಮಹಿಳಾ ಸಂಘದವರೂ ‘ಶುಗರ್ ಫ್ರೀ ಲಾಡು’ ಅಂತ ಚೀಟಿ ಅಂಟಿಸ್ತಾರ. ಅವರಿಗೂ ಹಿಂಗ ಬರೀಬೇಕಾ?

ನಿಯಮ ಅವರಿಗೂ ಒಂದೇ. ಆದರೆ ಎಲ್ಲರೆದುರು ಕೇಳುವ ಮೊದಲು ಅವರ ಮನೆಗೆ ಹೋಗಿಯೋ ಫೋನ್ ಮಾಡಿಯೋ ‘ಅಕ್ಕಾರ, ಬೆಲ್ಲದಾಗೂ ಸಕ್ಕರಿ ಇರತೈತ್ರಿ, ಚೀಟಿ ಬದಲಿ ಮಾಡ್ರಿ’ ಎಂದು ಹೇಳುವುದು ನನ್ನ ಪದ್ಧತಿ. ಇಂಥವರಲ್ಲಿ ಹೆಚ್ಚಿನವರು ಬೆಲ್ಲ ಬೇರೆ, ಸಕ್ಕರೆ ಬೇರೆ ಎಂದು ನಿಜವಾಗಿಯೇ ನಂಬಿರುತ್ತಾರೆ. ಇಬ್ಬರಿಗೆ ಹೀಗೆ ಹೇಳಿದ್ದೇನೆ. ಒಬ್ಬರು ಮರುವಾರವೇ ‘ಬೆಲ್ಲದ ಲಾಡು’ ಎಂದು ಹೊಸ ಚೀಟಿ ಬರೆಸಿದರು, ಇನ್ನೊಬ್ಬರು ಇನ್ನೂ ಹಳೆಯ ಚೀಟಿ ಮುಗಿಯಲಿ ಎನ್ನುತ್ತಿದ್ದಾರೆ.

ಕೊನೆಗೆ ನಿಮ್ಮ ಕರದಂಟಿನ ಕಂಪನಿ ಏನು ಮಾಡಿತು?

ಮೊದಲ ಕಮೆಂಟಿಗೆ ಮೂರನೆಯ ದಿನ ಡಿಎಂ ಉತ್ತರ, ಒಂಬತ್ತನೆಯ ದಿನ ಬೆಲ್ಲದ ವರದಿ ಬಂತು. ‘ಇದು ಬೆಲ್ಲದ ವರದಿ, ನಾನು ಕೇಳಿದ್ದು ಕರದಂಟಿನದು’ ಎಂದು ಬರೆದ ಮೇಲೆ ಎರಡು ವಾರ ಮೌನ. ಸಹಾಯವಾಣಿಯಲ್ಲಿ ದೂರು ದಾಖಲಿಸಿದ ಮೇಲೆ ಮೊಬೈಲಿನ ಜಾಹೀರಾತು ಬದಲಾಯಿತು: ‘ಬಿಳಿ ಸಕ್ಕರೆ ಬಳಸಿಲ್ಲ. ಬೆಲ್ಲದಿಂದ ತಯಾರಿಸಿದ್ದು.’ ಕಾಯಿಲೆಯವರ ಮಾತು ಪೂರ್ತಿ ಹೋಯಿತು. ನನ್ನ ಕಮೆಂಟಿಗೆ ಕಂಪನಿ ಬಹಿರಂಗವಾಗಿ ಉತ್ತರಿಸಲೇ ಇಲ್ಲ. ಹಳೆಯ ಪಾಕೀಟುಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ಮತ್ತೆ ನಾಲ್ಕು ತಿಂಗಳು ಮಾರಾಟವಾದವು. ಹೋದ ತಿಂಗಳು ಕೊಂಡ ಹೊಸ ಪಾಕೀಟಿನಲ್ಲಿ ಸೇರಿಸಿದ ಸಕ್ಕರೆ 28.4 ಗ್ರಾಂ ಎಂದಿದೆ. ಇಂಗ್ಲಿಷಿನ ಸಣ್ಣ ಅಕ್ಷರದ ಟಿಪ್ಪಣಿ ಮಾತ್ರ ಇದ್ದಲ್ಲಿಯೇ ಇದೆ, ಅದರ ಬಗ್ಗೆ ಮೊನ್ನೆ ಮತ್ತೊಂದು ಕಮೆಂಟ್ ಬರೆದಿದ್ದೇನೆ.